250 Gms. ಅಲ್ಲ, 250 g: ಪೊಟ್ಟಣದ ಲೇಬಲ್ ಮೇಲೆ ಅಳತೆ ಬರೆಯುವ ಕ್ರಮ

ಉಡುಪಿ, ಮಂಗಳೂರಿನ ಸುತ್ತಮುತ್ತ ಮನೆಯಲ್ಲೇ ಹಲಸಿನ ಹಪ್ಪಳ, ಉಪ್ಪಿನಕಾಯಿ, ಪುನರ್ಪುಳಿ ಶರಬತ್ತು ಮಾಡಿ ಮಾರುವವರು ಲೇಬಲ್ ಅಚ್ಚು ಹಾಕಿಸುವಾಗ ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು: «kg ಅಂದರೆ ಕಿಲೋಗ್ರಾಮನ್ನು ಚಿಕ್ಕದು ಮಾಡಿ ಬರೆದದ್ದು ತಾನೇ? ಹಾಗಿದ್ದ ಮೇಲೆ ಮುಂದೆ ಚುಕ್ಕಿ ಯಾಕೆ ಹಾಕಬಾರದು? ಎರಡು ಕಿಲೋ ಇದ್ದರೆ kgs ಅಂತ ಯಾಕೆ ಬರೆಯಬಾರದು?» ಅಂಗಡಿಗೆ ಹೋಗಿ ನೋಡಿದರೆ Gms., Kgs., Ltr., ML ಎಲ್ಲವೂ ಕಾಣುತ್ತವೆ. ಹಾಗಾಗಿ ಯಾವುದು ಸರಿ ಎಂಬ ಗೊಂದಲ ಸಹಜ.

ಉತ್ತರ ಇಷ್ಟೇ: kg ಸಂಕ್ಷಿಪ್ತ ರೂಪವಲ್ಲ, ಸಂಕೇತ. ಈ ಎರಡರ ನಡುವಿನ ವ್ಯತ್ಯಾಸ ತಿಳಿಯಬೇಕಾದರೆ ನಮ್ಮ ರೂಪಾಯಿಯನ್ನೇ ನೋಡಿ. Rs. ಎಂದು ಬರೆಯುವ ಪದ್ಧತಿಯಲ್ಲಿ ಇಂಗ್ಲಿಷಿನ ಪದವನ್ನು ಮೊಟಕು ಮಾಡಿದ್ದಾರೆ. ಬಹುವಚನದ s ಇದೆ, ಪದ ತುಂಡಾಗಿದೆ ಎಂದು ತಿಳಿಸುವ ಚುಕ್ಕಿಯೂ ಇದೆ. 2010ರಲ್ಲಿ ₹ ಬಂತು. ಅದರ ಮುಂದೆ ಯಾರಾದರೂ ಚುಕ್ಕಿ ಹಾಕುತ್ತಾರೆಯೇ? ಐನೂರು ರೂಪಾಯಿ ಎಂದು ₹ ಪಕ್ಕದಲ್ಲಿ s ಸೇರಿಸುತ್ತಾರೆಯೇ? ಇಲ್ಲ. ಏಕೆಂದರೆ ಅದು ಪದದ ತುಂಡಲ್ಲ, ಒಂದು ಗುರುತು. kg, g, ml, km ಕೂಡ ಅಂಥವೇ ಗುರುತುಗಳು. ರೋಮನ್ ಅಕ್ಷರದಲ್ಲಿರುವುದರಿಂದ ಇಂಗ್ಲಿಷ್ ಪದದ ತುಂಡಿನಂತೆ ಕಾಣುತ್ತವೆ, ಅಷ್ಟೇ. ಜಪಾನಿನಲ್ಲಿ, ಜರ್ಮನಿಯಲ್ಲಿ, ಫ್ರಾನ್ಸಿನಲ್ಲಿ ಆ ಪದವನ್ನು ಹೇಗೇ ಉಚ್ಚರಿಸಲಿ, ಹೇಗೇ ಬಹುವಚನ ಮಾಡಲಿ, kg ಎಂಬ ಗುರುತು ಬದಲಾಗುವುದಿಲ್ಲ.

ಈ ನಿಯಮ ಇತ್ತೀಚಿನದಲ್ಲ. ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಮ್ಮೇಳನವು 1948ರಲ್ಲಿ ನಡೆದ ತನ್ನ 9ನೇ ಸಭೆಯಲ್ಲಿ, ಏಕಮಾನದ ಸಂಕೇತದ ಮುಂದೆ ಪೂರ್ಣವಿರಾಮ ಹಾಕಕೂಡದು ಎಂದು ಠರಾವು ಮಾಡಿತು. ಏಕಮಾನ ಎಂದರೆ ಅಳೆಯಲು ಇಟ್ಟುಕೊಂಡ ಮೂಲ ಪ್ರಮಾಣ: ಗ್ರಾಂ, ಮೀಟರ್, ಲೀಟರ್ ಹೀಗೆ. 1960ರಲ್ಲಿ ಈ ಇಡೀ ಪದ್ಧತಿಗೆ ಎಸ್‌ಐ, ಅಂದರೆ ಏಕಮಾನಗಳ ಅಂತರರಾಷ್ಟ್ರೀಯ ಪದ್ಧತಿ, ಎಂಬ ಹೆಸರಾಯಿತು. ನಮ್ಮ ದೇಶದ 2009ರ ಕಾನೂನು ಮಾಪನ ಕಾಯ್ದೆ ಇದೇ ಪದ್ಧತಿಯನ್ನು ಒಪ್ಪಿಕೊಂಡಿದೆ. ಅದರಡಿ 2011ರಲ್ಲಿ ಬಂದ ಪೊಟ್ಟಣ ಸಾಮಗ್ರಿ ನಿಯಮಗಳು, ನಿವ್ವಳ ಪ್ರಮಾಣವನ್ನು ಅಂತರರಾಷ್ಟ್ರೀಯ ಪದ್ಧತಿಯ ಸಂಕೇತದಲ್ಲೇ ಬರೆಯಬೇಕು, ಬೇರೆ ಸಂಕೇತ ಬಳಸಬಾರದು ಎನ್ನುತ್ತವೆ. ಆದ್ದರಿಂದ Gms. ಎಂಬುದು ಬರೀ ಭಾಷೆಯ ತಪ್ಪಲ್ಲ, ಲೇಬಲ್ಲಿನ ದೋಷವೂ ಹೌದು.

ಉದಾಹರಣೆಗೆ 250 ಗ್ರಾಂ ಹಲಸಿನ ಹಪ್ಪಳದ ಪೌಚ್ ಒಂದನ್ನು ಇಟ್ಟುಕೊಂಡು ಹಂತ ಹಂತವಾಗಿ ಸರಿಪಡಿಸೋಣ. ಪ್ರೆಸ್ಸಿಗೆ ಕಳಿಸಲು ಸಿದ್ಧವಾದ ಕರಡು ಹೀಗಿದೆ ಎಂದುಕೊಳ್ಳಿ:

```
NET WT. 250Gms.
ನಿವ್ವಳ ತೂಕ : ೨೫೦ gms
MRP Rs. 120/-   (Rs. 0.48 per gm.)
Nutrition per 100 Gms. : Sodium 900 Mg.
```

ನಾಲ್ಕೇ ಸಾಲು. ಆದರೆ ಒಂದೊಂದು ಸಾಲಿನಲ್ಲೂ ಬೇರೆ ಬೇರೆ ಕಾರಣಕ್ಕೆ ತಪ್ಪು ನುಸುಳಿದೆ. (ಬೆಲೆ ಮತ್ತು ಸೋಡಿಯಂ ಅಂಕಿಗಳು ಉದಾಹರಣೆಗೆ ಮಾತ್ರ.)

ಏನೇನು ಬೇಕು

ಲೇಬಲ್ಲಿನ ತಿದ್ದಬಹುದಾದ ಕಡತ (ಪಿಡಿಎಫ್ ಸಾಲದು), ಅದನ್ನು ಮಾಡಿದ ಡಿಟಿಪಿಯವರ ಫೋನ್ ನಂಬರ್, ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ನಿಮ್ಮ ಸರಕಿನ ಪಟ್ಟಿ. ಒಂದು ಗಂಟೆ ಪುರುಸೊತ್ತು ಇದ್ದರೆ ಸಾಕು.

ಹಂತ 1: ಸಂಖ್ಯೆ ಮತ್ತು ಏಕಮಾನ ಸರಿಯೇ ನೋಡಿ

ಚುಕ್ಕಿಗೆ ಕೈ ಹಾಕುವ ಮೊದಲು ಯಾವ ಏಕಮಾನ ಎಂಬುದು ತೀರ್ಮಾನವಾಗಬೇಕು. ಒಂದು ಕಿಲೋಗಿಂತ ಕಡಿಮೆ ತೂಕವಿದ್ದರೆ ಗ್ರಾಮಿನಲ್ಲಿ, ಒಂದು ಲೀಟರಿಗಿಂತ ಕಡಿಮೆ ಇದ್ದರೆ ಮಿಲಿಲೀಟರಿನಲ್ಲಿ ಬರೆಯಬೇಕೆಂದು ನಿಯಮವಿದೆ. ಹಪ್ಪಳದ ಪೌಚಿಗೆ 0.25 kg ಅಲ್ಲ, 250 g. ಶರಬತ್ತಿನ ಬಾಟಲಿಗೆ 0.7 l ಅಲ್ಲ, 700 ml.

ಸಂಖ್ಯೆ ಮತ್ತು ಸಂಕೇತದ ನಡುವೆ ಒಂದು ಖಾಲಿ ಜಾಗ ಬಿಡಿ. 250g ಎಂದು ಅಂಟಿಸಿ ಬರೆಯುವುದು ಎಸ್‌ಐ ಕ್ರಮವಲ್ಲ. ಆದರೆ ಪ್ರೆಸ್ಸಿನವರು ಸಾಲು ಹೊಂದಿಸುವಾಗ ಆ ಖಾಲಿ ಜಾಗದಲ್ಲೇ ಸಾಲು ಮುರಿದು, 250 ಮೇಲಿನ ಸಾಲಿನಲ್ಲೂ g ಕೆಳಗಿನ ಸಾಲಿನಲ್ಲೂ ಬೀಳುವುದುಂಟು. ಅದಕ್ಕೆ ಮುರಿಯದ ಸ್ಪೇಸ್ ಹಾಕಿ. ವರ್ಡ್‌ನಲ್ಲಿ `Ctrl+Shift+Space` ಒತ್ತಿದರೆ ಅದು ಬರುತ್ತದೆ. ನೋಡಲು ಮಾಮೂಲು ಸ್ಪೇಸಿನಂತೆಯೇ ಇರುತ್ತದೆ, ಸಾಲು ಮಾತ್ರ ಅಲ್ಲಿ ತುಂಡಾಗುವುದಿಲ್ಲ.

ಹಂತ 2: ಚುಕ್ಕಿ ಮತ್ತು s ತೆಗೆಯಿರಿ

ಚುಕ್ಕಿಗೆ ಅಳತೆಯ ಬರಹದಲ್ಲಿ ಬೇರೆಯೇ ಕೆಲಸವಿದೆ. ಎರಡು ಏಕಮಾನಗಳ ಗುಣಾಕಾರವನ್ನು ನಡುಮಟ್ಟದ ಚುಕ್ಕಿಯಿಂದಲೋ ಖಾಲಿ ಜಾಗದಿಂದಲೋ ತೋರಿಸುತ್ತಾರೆ. ಗ್ಯಾರೇಜಿನಲ್ಲಿ ನಟ್ಟು ಬಿಗಿಮಾಡುವ ಟಾರ್ಕ್ ಅಳತೆ N·m ಆಗಿರುತ್ತದೆ, ಅಂದರೆ ನ್ಯೂಟನ್ ಗುಣಿಸು ಮೀಟರ್. ಹೀಗಿರುವಾಗ ಸಂಕೇತದ ಬಾಲಕ್ಕೆ ಸುಮ್ಮನೆ ಒಂದು ಚುಕ್ಕಿ ಅಂಟಿದರೆ, ಮುಂದೆ ಏನೋ ಬರಬೇಕಿತ್ತು ಎಂಬ ಅನುಮಾನಕ್ಕೆ ದಾರಿ.

s ಕಥೆ ಇನ್ನೂ ಸ್ಪಷ್ಟ. s ಎಂಬುದು ತಾನೇ ಒಂದು ಸಂಕೇತ, ಸೆಕೆಂಡಿನದು. ಐದು ಮೀಟರ್ ಬಟ್ಟೆಗೆ 5 ms ಎಂದು ಬರೆದರೆ ಅದರ ಅರ್ಥ ಐದು ಮಿಲಿಸೆಕೆಂಡ್, ಅಂದರೆ ಸೆಕೆಂಡಿನ ಸಾವಿರ ಪಾಲಿನಲ್ಲಿ ಐದು ಪಾಲು. ಅಳೆದದ್ದು ಬಟ್ಟೆ, ಬರೆದದ್ದು ಸಮಯ. kgs ಎಂದರೆ ಓದುವವನು ಊಹಿಸಿ ಸರಿಮಾಡಿಕೊಳ್ಳುತ್ತಾನೆ, ನಿಜ. ಆದರೆ ಎಲ್ಲಿ ಊಹೆ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂದು ಪ್ರತಿ ಏಕಮಾನಕ್ಕೂ ನೆನಪಿಟ್ಟುಕೊಳ್ಳುವುದಕ್ಕಿಂತ s ಹಾಕದಿರುವುದೇ ಸುಲಭ.

ಮತ್ತೆ, ಕನ್ನಡದವರಿಗೆ ಇದು ಕಷ್ಟವೂ ಆಗಬಾರದು. ನಾವು «ಎರಡು ಕಿಲೋ ಸಕ್ಕರೆ», «ಮೂರು ಮುಡಿ ಅಕ್ಕಿ», «ಹತ್ತು ಲೀಟರ್ ಹಾಲು» ಅನ್ನುತ್ತೇವೆಯೇ ಹೊರತು ಅಂಗಡಿಯಲ್ಲಿ ನಿಂತು «ಎರಡು ಕಿಲೋಗಳು ಸಕ್ಕರೆ ಕೊಡಿ» ಅನ್ನುವವರಿಲ್ಲ. ಬಾಯಲ್ಲಿ ಬಾರದ ಬಹುವಚನ ಲೇಬಲ್ಲಿಗೆ ಬಂದದ್ದು ಇಂಗ್ಲಿಷ್ ಶಾಲೆಯ ಅಭ್ಯಾಸದಿಂದ. ಇಂಗ್ಲಿಷಿನಲ್ಲಿಯೂ s ಬರುವುದು ಪೂರ್ತಿ ಪದಕ್ಕೆ, ಅಂದರೆ ಕಿಲೋಗ್ರಾಮ್ಸ್ ಎಂದು ಬಿಡಿಸಿ ಬರೆದಾಗ ಮಾತ್ರ. ಸಂಕೇತಕ್ಕೆ ಅಲ್ಲಿಯೂ ಇಲ್ಲ.

ಒಂದೇ ಒಂದು ಸಂದರ್ಭದಲ್ಲಿ ಸಂಕೇತದ ಮುಂದೆ ಚುಕ್ಕಿ ಬರಬಹುದು: ವಾಕ್ಯ ಅಲ್ಲಿಗೆ ಮುಗಿದಾಗ. «ಪೊಟ್ಟಣದ ತೂಕ 250 g.» ಇಲ್ಲಿರುವ ಚುಕ್ಕಿ ವಾಕ್ಯದ್ದು, g ಅಕ್ಷರದ್ದಲ್ಲ. ಲೇಬಲ್ಲಿನಲ್ಲಿ ವಾಕ್ಯಗಳಿರುವುದೇ ಕಡಿಮೆ, ಹಾಗಾಗಿ ಅಲ್ಲಿ ಚುಕ್ಕಿ ಬೇಡವೇ ಬೇಡ.

ಹತ್ತಾರು ಉತ್ಪನ್ನಗಳ ದರಪಟ್ಟಿ ಇದ್ದು ಕೈಯಲ್ಲಿ ತಿದ್ದುವುದು ಬೇಸರವಾದರೆ, ಪಠ್ಯವನ್ನು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಲ್ಲಿ ತೆರೆದು, ಬದಲಿಸುವ ಕಿಟಕಿಯಲ್ಲಿ `Regular expression` ಆಯ್ದು, `Match case` ಗುರುತು ತೆಗೆದು ಹೀಗೆ ಕೊಡಿ:

```
Find what:     (\d)\s*gms?\b\.?
Replace with:  $1 g

Find what:     (\d)\s*kgs?\b\.?
Replace with:  $1 kg
```

ಅಂಕಿಯ ನಂತರ ಬರುವ gm, Gms., GMS ಎಲ್ಲವೂ g ಆಗುತ್ತವೆ. kg ಸಾಲೂ ಹಾಗೆಯೇ. ಎರಡು ಎಚ್ಚರಿಕೆ. ಮೊದಲನೆಯದು, ವಾಕ್ಯದ ಕೊನೆಯ ನಿಜವಾದ ಪೂರ್ಣವಿರಾಮವನ್ನೂ ಇದು ನುಂಗುತ್ತದೆ. ಆದ್ದರಿಂದ `Replace All` ಒತ್ತದೆ ಒಂದೊಂದಾಗಿ ನೋಡಿ ಬದಲಿಸಿ. ಎರಡನೆಯದು, ಬರೀ G ಎಂದು ಬರೆದಿರುವ ಕಡೆಯನ್ನೂ ಹಿಡಿಯೋಣ ಎಂದು ಹುಡುಕಾಟದಲ್ಲಿ m ಅಕ್ಷರವನ್ನು ತೆಗೆದುಹಾಕಬೇಡಿ. ದರಪಟ್ಟಿಯ ತಳದಲ್ಲಿ 5G ಫೋನಿನ ಜಾಹೀರಾತು ಇದ್ದರೆ ಅದೂ ಐದು ಗ್ರಾಂ ಆಗಿಬಿಡುತ್ತದೆ.

ಹಂತ 3: ದೊಡ್ಡಕ್ಷರ, ಸಣ್ಣಕ್ಷರ

ಚುಕ್ಕಿ, s ಇದ್ದರೆ ಕೇವಲ ತಪ್ಪು. ಅಕ್ಷರದ ಗಾತ್ರ ತಪ್ಪಿದರೆ ಮೊತ್ತವೇ ಬದಲಾಗುತ್ತದೆ. ಆದ್ದರಿಂದ ಇಲ್ಲಿ ನಿಧಾನಿಸಿ.

ಸಂಕೇತದ ಮೊದಲಿಗೆ ಅಂಟುವ k, m ಮುಂತಾದವು ಗುಣಕಗಳು. k ಎಂದರೆ ಸಾವಿರ ಪಟ್ಟು. m ಎಂದರೆ ಸಾವಿರದಲ್ಲಿ ಒಂದು ಪಾಲು. ಆದರೆ ದೊಡ್ಡ M ಎಂದರೆ ಹತ್ತು ಲಕ್ಷ ಪಟ್ಟು. ನಮ್ಮ ಕರಡಿನ ಕೊನೆಯ ಸಾಲಿಗೆ ಹೋಗೋಣ: Sodium 900 Mg. ಬರೆದವರ ಉದ್ದೇಶ 900 ಮಿಲಿಗ್ರಾಂ, ಅಂದರೆ ಒಂದು ಗ್ರಾಮಿಗೂ ಕಡಿಮೆ. ಆದರೆ Mg ಎಂದರೆ ಮೆಗಾಗ್ರಾಂ. ಒಂದು ಮೆಗಾಗ್ರಾಂ ಎಂದರೆ 1000 ಕಿಲೋ, ಒಂದು ಟನ್. ನೂರು ಗ್ರಾಂ ಹಪ್ಪಳದಲ್ಲಿ ಒಂಬೈನೂರು ಟನ್ ಸೋಡಿಯಂ! ಸಾಲದ್ದಕ್ಕೆ Mg ಎಂಬುದು ರಸಾಯನಶಾಸ್ತ್ರದಲ್ಲಿ ಮೆಗ್ನೀಸಿಯಂನ ಸಂಕೇತವೂ ಹೌದು. ಪೋಷಕಾಂಶಗಳ ಪಟ್ಟಿಯಲ್ಲಿ ಖನಿಜಗಳ ಸಾಲಿನ ಪಕ್ಕದಲ್ಲೇ ಇದು ಬರುವುದರಿಂದ ಗೊಂದಲ ಇಮ್ಮಡಿ. ಹಾಗೆಯೇ ML ಎಂದರೆ ಮೆಗಾಲೀಟರ್, ಹತ್ತು ಲಕ್ಷ ಲೀಟರ್. 700 ML ಶರಬತ್ತು ತುಂಬಲು ಬಾಟಲಿ ಸಾಲದು, ಅಣೆಕಟ್ಟು ಬೇಕು.

ದೊಡ್ಡಕ್ಷರ ಯಾವಾಗ? ಏಕಮಾನಕ್ಕೆ ವ್ಯಕ್ತಿಯ ಹೆಸರು ಇಟ್ಟಿದ್ದರೆ ಮಾತ್ರ. ವ್ಯಾಟ್‌ನ W, ವೋಲ್ಟ್‌ನ V, ನ್ಯೂಟನ್‌ನ N, ಕೆಲ್ವಿನ್‌ನ K ಎಲ್ಲ ವಿಜ್ಞಾನಿಗಳ ಹೆಸರಿನಿಂದ ಬಂದವು. ಗ್ರಾಂ, ಮೀಟರ್ ಯಾರ ಹೆಸರೂ ಅಲ್ಲ, ಅದಕ್ಕೇ ಅವು ಸಣ್ಣಕ್ಷರ. Kg ಎಂದು ಬರೆದಾಗ ಮೊದಲಕ್ಷರ ಕೆಲ್ವಿನ್ ಆಗಿಬಿಡುತ್ತದೆ. ಅದು ಉಷ್ಣತೆಯ ಅಳತೆ, ಹಪ್ಪಳಕ್ಕೆ ಸಂಬಂಧವಿಲ್ಲ.

ಇದಕ್ಕೆ ಅಪವಾದ ಲೀಟರ್. ಅದು ವ್ಯಕ್ತಿಯ ಹೆಸರಲ್ಲ, ಮೊದಲಿನಿಂದಲೂ ಸಣ್ಣ l ಇತ್ತು. ಆದರೆ ಅನೇಕ ಫಾಂಟುಗಳಲ್ಲಿ ಸಣ್ಣ l ಮತ್ತು ಅಂಕಿ 1 ಒಂದೇ ಥರ ಕಾಣುತ್ತವೆ. 1 l ಎಂದು ಅಚ್ಚಾದರೆ ಹನ್ನೊಂದೋ ಒಂದು ಲೀಟರೋ ತಿಳಿಯದು. ಇದೇ ಕಾರಣಕ್ಕೆ 1979ರಲ್ಲಿ ದೊಡ್ಡ L ಅಕ್ಷರಕ್ಕೂ ಅನುಮತಿ ಸಿಕ್ಕಿತು. ನನ್ನ ಸಲಹೆ: ಒಂದು ಲೀಟರಿನ ಬಾಟಲಿಗೆ 1 L ಎಂದೇ ಹಾಕಿ. 700 ml, 700 mL ಎರಡೂ ಸರಿ. ಒಂದನ್ನು ಹಿಡಿದರೆ ಎಲ್ಲ ಲೇಬಲ್ಲಿಗೂ ಅದನ್ನೇ ಇಟ್ಟುಕೊಳ್ಳಿ. Ltr., Lit. ಎಂಬುವು ಯಾವ ಪದ್ಧತಿಯಲ್ಲೂ ಇಲ್ಲ.

ದೊಡ್ಡಕ್ಷರದ ತಪ್ಪನ್ನು ಎಷ್ಟೋ ಸಲ ಮನುಷ್ಯರು ಮಾಡುವುದಿಲ್ಲ, ಸಾಫ್ಟ್‌ವೇರ್ ಮಾಡುತ್ತದೆ. ವರ್ಡ್‌ನಲ್ಲಿ ಕೋಷ್ಟಕದ ಮನೆಯೊಳಗೆ mg ಎಂದು ಟೈಪಿಸಿ ಮುಂದಿನ ಮನೆಗೆ ಹೋದ ಕೂಡಲೇ ಅದು Mg ಆಗುತ್ತದೆ. ಪೋಷಕಾಂಶದ ಪಟ್ಟಿಯಲ್ಲಿ «ಏಕಮಾನ» ಎಂದು ಪ್ರತ್ಯೇಕ ಕಂಬ ಇದ್ದರೆ ಇದು ಸಾಲುಸಾಲಾಗಿ ನಡೆಯುತ್ತದೆ. ನಿಲ್ಲಿಸಲು `File` > `Options` > `Proofing` > `AutoCorrect Options` ತೆರೆದು `Capitalize first letter of table cells` ಎದುರಿನ ಗುರುತು ತೆಗೆಯಿರಿ. ಇನ್ನೊಂದು ದಾರಿ `All caps` ಅಲಂಕಾರ. ಅಂದಕ್ಕಾಗಿ ಇಡೀ ಸಾಲನ್ನು ದೊಡ್ಡಕ್ಷರ ಮಾಡಿದಾಗ 250 g ಕೂಡ 250 G ಆಗುತ್ತದೆ. ಶೀರ್ಷಿಕೆ ದೊಡ್ಡಕ್ಷರದಲ್ಲೇ ಇರಲಿ ಎಂಬ ಆಸೆಯಿದ್ದರೆ, ಅಳತೆಯ ಭಾಗವನ್ನು ಮಾತ್ರ ಆಯ್ದು ಆ ಅಲಂಕಾರ ತೆಗೆಯಿರಿ: NET QUANTITY 250 g.

ಹಂತ 4: ಕನ್ನಡದ ಸಾಲು

ನಿಯಮದ ಪ್ರಕಾರ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಲೇಬೇಕು. ಜೊತೆಗೆ ಬೇರೆ ಭಾಷೆಯಲ್ಲೂ ಬರೆಯಬಹುದು. ಅಂದರೆ ಕನ್ನಡದ ಸಾಲು ಹೆಚ್ಚುವರಿ, ಇಂಗ್ಲಿಷ್ ಸಾಲಿನ ಬದಲಿಗೆ ಅಲ್ಲ.

ಕನ್ನಡದಲ್ಲಿ ಬರೆಯುವಾಗ ಪ್ರಶ್ನೆ ಬೇರೆಯಾಗುತ್ತದೆ. ಕಿ.ಮೀ., ಮಿ.ಲೀ., ಕಿ.ಗ್ರಾಂ. ಇವು ಅಂತರರಾಷ್ಟ್ರೀಯ ಸಂಕೇತಗಳಲ್ಲ. ಕನ್ನಡ ಲಿಪಿಯಲ್ಲಿ ಪದಗಳನ್ನು ಮೊಟಕು ಮಾಡಿದ ರೂಪಗಳು. ಹಾಗಾಗಿ ಅವುಗಳಲ್ಲಿ ಚುಕ್ಕಿ ಇರುವುದು ತಪ್ಪಲ್ಲ. ಚುಕ್ಕಿ ಬಿಟ್ಟು ಕಿಮೀ ಎಂದು ಬರೆಯುವವರೂ ಇದ್ದಾರೆ, ಅದೂ ನಡೆಯುತ್ತದೆ. «ಸಂಕೇತಕ್ಕೆ ಚುಕ್ಕಿ ಬೇಡ ಅಂದಿರಲ್ಲ» ಎಂದು ಕನ್ನಡದ ಕಿ.ಮೀ. ಮೇಲೆ ಕತ್ತರಿ ಆಡಿಸುವ ಅಗತ್ಯವಿಲ್ಲ. ಲೇಬಲ್ಲಿಗಂತೂ ಈ ಗೊಡವೆಯೇ ಬೇಡ, ಪೂರ್ತಿ ಪದ ಬರೆಯಿರಿ: ನಿವ್ವಳ ತೂಕ 250 ಗ್ರಾಂ. ಜಾಗ ಅಷ್ಟೇನೂ ಹೆಚ್ಚು ಹಿಡಿಯುವುದಿಲ್ಲ.

ಮಾಡಬಾರದ್ದು ಬೆರಕೆ. ನಮ್ಮ ಕರಡಿನ ಎರಡನೇ ಸಾಲಿನಲ್ಲಿರುವ ೨೫೦ gms ಅಂಥದ್ದು. ಅಂಕಿ ಕನ್ನಡ, ಏಕಮಾನ ರೋಮನ್, ಅದೂ s ಸಮೇತ. 2009ರ ಕಾಯ್ದೆ ಎಣಿಕೆಗೆ ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪವನ್ನು, ಅಂದರೆ 1, 2, 3 ಅನ್ನು, ಮಾನ್ಯ ಮಾಡಿದೆ. ಕನ್ನಡ ಅಂಕಿ ಇಷ್ಟವಾದರೆ ಕನ್ನಡದ ಸಾಲಿನಲ್ಲಿ ೨೫೦ ಗ್ರಾಂ ಎಂದು ಬಳಸಿ, ಇಂಗ್ಲಿಷ್ ಸಾಲು ಶುದ್ಧವಾಗಿರಲಿ.

ಸಂಕೇತಕ್ಕೆ ವಿಭಕ್ತಿ ಅಂಟಿಸುವುದೂ ಒಂದು ತೊಡಕು. 250 gನ, 5 kmಗೆ, 2 kgಯಷ್ಟು ಎಂದೆಲ್ಲ ಬರೆದಾಗ ಸಂಕೇತಕ್ಕೆ ಕನ್ನಡದ ಬಾಲ ಬಂದಂತಾಗುತ್ತದೆ. s ಬೇಡವೆಂದ ಮೇಲೆ ಇದೂ ಬೇಡ. ಎರಡು ಉಪಾಯಗಳಿವೆ. ಸಂಕೇತದ ಮುಂದೆ ನೇರವಾಗಿ ವಸ್ತುವಿನ ಹೆಸರು ಬರುವಂತೆ ತಿರುಗಿಸಿ: «250 g ಪೊಟ್ಟಣದಲ್ಲಿ», «5 km ದೂರಕ್ಕೆ». ಆಗದಿದ್ದರೆ ಪೂರ್ತಿ ಪದ ಬಳಸಿ: «ಐದು ಕಿಲೋಮೀಟರಿಗೆ ಒಂದು ಬಸ್ ನಿಲ್ದಾಣ». ಯಕ್ಷಗಾನದ ಕರಪತ್ರದಲ್ಲಿ «ಮಲ್ಪೆಯಿಂದ 3 Kms. ದೂರ» ಎಂದು ಅಚ್ಚು ಹಾಕುವವರಿಗೂ ಇದೇ ಮಾತು. 3 km ದೂರ, ಇಲ್ಲವೇ ಮೂರು ಕಿಲೋಮೀಟರ್ ದೂರ.

ನುಡಿ, ಶ್ರೀಲಿಪಿಯಂಥ ಹಳೆಯ ಕನ್ನಡ ಫಾಂಟುಗಳಲ್ಲಿ ಕೆಲಸ ಮಾಡುವ ಡಿಟಿಪಿಯವರ ಬಳಿ ಇನ್ನೊಂದು ಅಪಾಯವಿದೆ. ಈ ಫಾಂಟುಗಳಲ್ಲಿ ರೋಮನ್ ಅಕ್ಷರದ ಜಾಗದಲ್ಲೇ ಕನ್ನಡದ ತುಣುಕುಗಳು ಕೂತಿರುತ್ತವೆ. ಇಡೀ ಸಾಲನ್ನು ಆಯ್ದು ಕನ್ನಡ ಫಾಂಟಿಗೆ ಬದಲಿಸಿದರೆ g ಅಕ್ಷರ ಕಣ್ಣಿಗೆ ಕಾಣದಂತೆ ಒಂದು ಅರ್ಥವಿಲ್ಲದ ಕನ್ನಡ ಚೂರಾಗುತ್ತದೆ. ಪ್ರೂಫಿನಲ್ಲಿ 250 ಪಕ್ಕ ಒಂಟಿ ಒತ್ತಕ್ಷರವೋ ಕೊಂಬೋ ಕಂಡರೆ ಆದದ್ದು ಇದೇ. ಆ ಒಂದು ಅಕ್ಷರವನ್ನು ಆಯ್ದು ಏರಿಯಲ್‌ನಂಥ ರೋಮನ್ ಫಾಂಟಿಗೆ ಮರಳಿಸಿದರೆ ಸರಿಯಾಗುತ್ತದೆ. ವಾಲಿದ ಅಕ್ಷರ ಬೇಡ, ನೆಟ್ಟಗಿರುವ ಅಕ್ಷರವೇ ಇರಲಿ. ಸಂಕೇತಗಳು ಯಾವಾಗಲೂ ನೆಟ್ಟಗಿರಬೇಕೆಂಬುದೂ 1948ರ ಠರಾವಿನಲ್ಲೇ ಇದೆ.

ಹಂತ 5: ಏಕಮಾನ ದರ

ಈಗ ಲೇಬಲ್ ಮೇಲೆ ಗರಿಷ್ಠ ಮಾರಾಟ ಬೆಲೆಯ ಜೊತೆ ಏಕಮಾನ ದರವೂ ಬೇಕು. ಒಂದು ಕಿಲೋಗಿಂತ ಕಡಿಮೆ ಇದ್ದರೆ ಗ್ರಾಮಿಗೆ ಎಷ್ಟು, ಒಂದು ಲೀಟರಿಗಿಂತ ಕಡಿಮೆ ಇದ್ದರೆ ಮಿಲಿಲೀಟರಿಗೆ ಎಷ್ಟು ಎಂದು ಎರಡು ದಶಾಂಶದವರೆಗೆ ತೋರಿಸಬೇಕು. ನಮ್ಮ ಪೌಚಿಗೆ 120 ಅನ್ನು 250ರಿಂದ ಭಾಗಿಸಿದರೆ 0.48. ಬರೆಯುವುದು ₹ 0.48/g ಅಥವಾ ₹ 0.48 per g. ಮೇಲಿನ ಸಾಲನ್ನು ತಿದ್ದಿ ಇಲ್ಲಿ per gm. ಬಿಟ್ಟುಹೋಗುವುದು ತೀರಾ ಸಾಮಾನ್ಯ, ಏಕೆಂದರೆ ಈ ಸಾಲನ್ನು ಆಮೇಲೆ ಸೇರಿಸಿರುತ್ತಾರೆ. 0.48 ಬದಲು .48 ಎಂದೂ ಬರೆಯಬೇಡಿ. ಚುಕ್ಕಿ ಮಸುಕಾಗಿ ಅಚ್ಚಾದರೆ ನಲವತ್ತೆಂಟು ರೂಪಾಯಿ ಆಗಿಬಿಡುತ್ತದೆ.

ಎಣಿಸಿ ಮಾರುವ ಸರಕಿಗೆ, ಉದಾಹರಣೆಗೆ ಹನ್ನೆರಡು ಊದುಬತ್ತಿಯ ಕಟ್ಟಿಗೆ, 12 Nos. ಎನ್ನುವ ಬದಲು 12 N ಅಥವಾ 12 U ಎಂದು ಬರೆಯಬೇಕೆಂದು ಪೊಟ್ಟಣ ನಿಯಮದಲ್ಲಿ ಮೊದಲು ಇತ್ತು; ಆಮೇಲಿನ ತಿದ್ದುಪಡಿಯಲ್ಲಿ number, unit, piece ಎಂಬಂಥ ಪದಗಳಿಗೂ ಅವಕಾಶ ಸಿಕ್ಕಿದೆ. ಎಸ್‌ಐ ಪದ್ಧತಿಯಲ್ಲಿ N ನ್ಯೂಟನ್ ಆದರೂ ಆ ನಿಯಮದಲ್ಲಿ ಅದು ಎಣಿಕೆ. ನನಗೇನೂ ಅದು ಅಷ್ಟು ಹಿಡಿಸುತ್ತಿರಲಿಲ್ಲ, ಆದರೆ ನಿಯಮ ಹಾಗಿತ್ತು.

ಹಂತ 6: ಬಿಲ್ಲಿಂಗ್ ಸಾಫ್ಟ್‌ವೇರ್ ಬೇರೆ, ಲೇಬಲ್ ಬೇರೆ

ಇಷ್ಟೆಲ್ಲ ಕಲಿತ ಮೇಲೆ ಉತ್ಸಾಹದಲ್ಲಿ ಒಂದು ಕಡೆ ಕೈ ಹಾಕಿ ಕೆಡಿಸುವವರಿದ್ದಾರೆ. ಜಿಎಸ್‌ಟಿ ಲೆಕ್ಕದಲ್ಲಿ ಪ್ರತಿ ಸರಕಿಗೂ ಪ್ರಮಾಣದ ಕೋಡ್ ಇದೆ: ಕಿಲೋಗೆ KGS, ಗ್ರಾಮಿಗೆ GMS, ಮಿಲಿಲೀಟರಿಗೆ MLT, ಎಣಿಕೆಗೆ NOS. ಇವು ಸಂಕೇತವೂ ಅಲ್ಲ, ಸಂಕ್ಷಿಪ್ತ ರೂಪವೂ ಅಲ್ಲ. ಕಂಪ್ಯೂಟರ್ ಪಟ್ಟಿಯಲ್ಲಿ ಗುರುತಿಗಾಗಿ ಇಟ್ಟ ಮೂರಕ್ಷರದ ಕೋಡ್‌ಗಳು. ಅಲ್ಲಿ kg ಎಂದು «ತಿದ್ದಲು» ಹೋದರೆ ರಿಟರ್ನ್ ಒಪ್ಪಿತವಾಗುವುದಿಲ್ಲ. ಅದನ್ನು ಹಾಗೇ ಬಿಡಿ.

ಟ್ಯಾಲಿಯಲ್ಲಿ ಏಕಮಾನ ಸೃಷ್ಟಿಸುವಾಗ ಈ ಮೂರು ಜಾಗಗಳನ್ನು ಗಮನಿಸಿ. ಹೀಗೆ ತುಂಬಿಸಿ:

```
Symbol                    : kg
Formal Name               : kilogram
Unit Quantity Code (UQC)  : KGS-KILOGRAMS
```

ಗಿರಾಕಿಯ ಬಿಲ್ಲಿನಲ್ಲಿ ಅಚ್ಚಾಗುವುದು ಮೊದಲನೆಯದು, ರಿಟರ್ನಿಗೆ ಹೋಗುವುದು ಕೊನೆಯದು. ಮೊದಲನೇ ಜಾಗದಲ್ಲೂ KGS ಎಂದು ತುಂಬಿಸಿದ್ದರಿಂದಲೇ ಎಷ್ಟೋ ಬಿಲ್ಲುಗಳಲ್ಲಿ, ಆ ಬಿಲ್ಲನ್ನು ನೋಡಿ ಮಾಡಿದ ಲೇಬಲ್ಲುಗಳಲ್ಲಿ Kgs ತುಂಬಿಕೊಂಡಿದೆ.

ಎಕ್ಸೆಲ್‌ನಲ್ಲಿ ದಾಸ್ತಾನು ಪಟ್ಟಿ ಇಟ್ಟಿದ್ದರೆ ಮನೆಯೊಳಗೆ 2.5 kg ಎಂದು ಟೈಪಿಸಬೇಡಿ. ಅದು ಅಕ್ಷರವಾಗಿಬಿಡುತ್ತದೆ, ಕೆಳಗೆ ಮೊತ್ತ ಕೂಡಿದರೆ ಆ ಸಾಲುಗಳು ಲೆಕ್ಕಕ್ಕೇ ಬರುವುದಿಲ್ಲ. ಬರೀ 2.5 ಎಂದು ಹಾಕಿ, `Format Cells` > `Custom` ಒಳಗೆ ಹೀಗೆ ಕೊಡಿ:

```
0.000 "kg"
```

ಪರದೆಯಲ್ಲಿ 2.500 kg ಎಂದು ಕಾಣುತ್ತದೆ, ಒಳಗೆ ಸಂಖ್ಯೆಯಾಗಿಯೇ ಉಳಿಯುತ್ತದೆ.

ಹಂತ 7: ಪ್ರೂಫ್

ತಿದ್ದಿದ ಮೇಲೆ ನಮ್ಮ ನಾಲ್ಕು ಸಾಲು ಹೀಗಾಯಿತು:

```
NET QUANTITY 250 g
ನಿವ್ವಳ ತೂಕ: 250 ಗ್ರಾಂ
MRP ₹ 120   (₹ 0.48/g)
Nutrition per 100 g : Sodium 900 mg
```

ಮೊಬೈಲ್ ಪರದೆಯಲ್ಲಿ ಪಿಡಿಎಫ್ ನೋಡಿ «ಓಕೆ» ಕಳಿಸಬೇಡಿ. ಪೌಚಿನ ನಿಜವಾದ ಅಳತೆಗೆ ಕಾಗದದ ಮೇಲೆ ಪ್ರಿಂಟ್ ತೆಗೆದು ನೋಡಿ. ಸಣ್ಣ ಗಾತ್ರದಲ್ಲಿ g ಅಕ್ಷರದ ಬಾಲ ಕೆಳಗಿನ ಗೆರೆಗೆ ತಾಗಿ 9 ಅಂಕಿಯಂತೆ ಕಂಡರೆ 250 g ಎಂಬುದು 2509 ಆಗುತ್ತದೆ. ಖಾಲಿ ಜಾಗ ಬಿಡದಿದ್ದಾಗ ಇದು ಇನ್ನೂ ಬೇಗ ಆಗುತ್ತದೆ. ಹಾಗೆಯೇ ಮುಂಭಾಗ, ಹಿಂಭಾಗ, ಹೊರಗಿನ ರಟ್ಟಿನ ಪೆಟ್ಟಿಗೆ ಮೂರರಲ್ಲೂ ಸಂಕೇತ ಒಂದೇ ರೀತಿ ಇದೆಯೇ ಹೋಲಿಸಿ. ಪೆಟ್ಟಿಗೆಯ ವಿನ್ಯಾಸ ಬೇರೆಯವರು ಮಾಡಿದ್ದರೆ ಅಲ್ಲಿ 10 KGS ಉಳಿದುಕೊಂಡಿರುವ ಸಾಧ್ಯತೆ ಹೆಚ್ಚು.

ಹಳೆಯ ಪೌಚುಗಳ ದಾಸ್ತಾನು ಉಳಿದಿದ್ದರೆ, ಸರಿಯಾದ ಅಳತೆಯ ಸ್ಟಿಕ್ಕರ್ ಮಾಡಿಸಿ ಮೇಲೆ ಅಂಟಿಸೋಣ ಎಂದು ಹೊರಡಬೇಡಿ. ಕಡ್ಡಾಯ ವಿವರಗಳನ್ನು ಬಿಡಿ ಸ್ಟಿಕ್ಕರಿನಿಂದ ಬದಲಿಸಲು ಪೊಟ್ಟಣ ನಿಯಮ ಬಿಡುವುದಿಲ್ಲ. ಬೆಲೆ ಇಳಿಸಿದಾಗ ಮಾತ್ರ ಸ್ಟಿಕ್ಕರಿಗೆ ಅವಕಾಶ, ಅದೂ ಹಳೆಯ ಬೆಲೆ ಮುಚ್ಚದಂತೆ. ಉಳಿದ ಪೌಚುಗಳನ್ನು ಏನು ಮಾಡಬೇಕೆಂದು ನಿಮ್ಮ ತಾಲೂಕಿನ ಕಾನೂನು ಮಾಪನ ನಿರೀಕ್ಷಕರನ್ನು ಮೊದಲೇ ವಿಚಾರಿಸಿ, ಆಮೇಲೆ ಹೊಸ ಆರ್ಡರ್ ಕೊಡಿ. ಪೌಚ್ ಅಚ್ಚು ಹಾಕುವ ಸಿಲಿಂಡರ್ ಒಮ್ಮೆ ಕೆತ್ತಿದ ಮೇಲೆ ಒಂದು ಚುಕ್ಕಿ ತೆಗೆಯಬೇಕೆಂದರೂ ಆ ಬಣ್ಣದ ಸಿಲಿಂಡರನ್ನು ಮತ್ತೆ ಮಾಡಿಸಬೇಕಾಗುತ್ತದೆ. ಆದ್ದರಿಂದ ಕೆತ್ತನೆಗೆ ಹೋಗುವ ಕೊನೆಯ ಪ್ರೂಫಿನ ಮೇಲೆ ನೀವೇ ಸಹಿ ಹಾಕಿ, ಒಂದು ಪ್ರತಿ ಇಟ್ಟುಕೊಳ್ಳಿ.